ಆಲ್ರೆಡಿ ಎಲ್ಲಿ ಕೂರಬೇಕು?

"ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಮಾತು ಹೇಗೋ ಸಂಭಾಳಿಸುತ್ತೇನೆ. ಮೇಲ್ ಬರೆಯುವಾಗ ಮಾತ್ರ ಆಲ್ವೇಸ್, ನೆವರ್, ಆಲ್ರೆಡಿ, ಜಸ್ಟ್ ಇವನ್ನೆಲ್ಲ ಎಲ್ಲಿ ಇಡಬೇಕು ಅಂತ ಗೊತ್ತಾಗುವುದಿಲ್ಲ. ಮೊನ್ನೆ 'ಆಲ್ರೆಡಿ ಐ ಹ್ಯಾವ್ ಸೆಂಟ್ ದ ರಿಪೋರ್ಟ್' ಅಂತ ಬರೆದೆ. ಟೀಮ್ ಲೀಡ್ ಬಂದು 'ಏನಾದರೂ ಬೇಜಾರಾಗಿದೆಯಾ' ಅಂತ ಕೇಳಿದರು. ನನಗೆ ಯಾವ ಬೇಜಾರೂ ಇರಲಿಲ್ಲ. ನೀವು ಇಲ್ಲಿ ತುಂಬಾ ವರ್ಷದಿಂದ ಇದ್ದೀರಿ, ಸ್ವಲ್ಪ ಹೇಳುತ್ತೀರಾ?"

ನಿಮ್ಮ ಲೀಡ್ ಬಂದು ಕೇಳಿದರಲ್ಲ, ಪುಣ್ಯ. ನನ್ನನ್ನು ಯಾರೂ ಕೇಳಲಿಲ್ಲ. ಮೊದಲ ಒಂದು ವರ್ಷ ನಾನು ಸಿಡುಕ ಅಂತಲೇ ಅಂದುಕೊಂಡಿದ್ದರು, ಆಮೇಲೆ ಒಬ್ಬ ಸಹೋದ್ಯೋಗಿ ನಗುತ್ತಾ ಹೇಳಿದ ಮೇಲೆ ಗೊತ್ತಾಯಿತು.

ಆ ವಾಕ್ಯ ಹೇಗೆ ಹುಟ್ಟುತ್ತದೆ ನೋಡಿ. ನಾವು ಮನಸ್ಸಿನಲ್ಲಿ ಅಂದುಕೊಳ್ಳುವುದು "ಆಗಲೇ ಕಳಿಸಿದ್ದೇನೆ" ಅಂತ. "ನಾನು" ಅನ್ನುವ ಮಾತೇ ಬೇಕಾಗಿಲ್ಲ, "ಕಳಿಸಿದ್ದೇನೆ" ಅಂದಾಗ ಯಾರು ಅಂತ ಗೊತ್ತಾಗುತ್ತದೆ. ಹಾಗಾಗಿ "ಆಗಲೇ" ತಾನಾಗಿ ಮೊದಲಿಗೆ ಬಂದು ಕೂರುತ್ತದೆ. ಬೆರಳು "ಆಲ್ರೆಡಿ" ಅಂತ ಟೈಪ್ ಮಾಡಿಬಿಡುತ್ತದೆ. ಇಂಗ್ಲಿಷಿಗೆ "ಐ" ಇಲ್ಲದೆ ಆಗುವುದಿಲ್ಲ ಅಂತ ನೆನಪಾಗುವುದು ಅದಾದ ಮೇಲೆ. ಕನ್ನಡದಲ್ಲಿ ಅದು ಸಪ್ಪೆ ಮಾತು. ಆದರೆ ಇಂಗ್ಲಿಷಿನಲ್ಲಿ ಈ ಥರದ ಮಾತನ್ನು ವಾಕ್ಯದ ಬಾಗಿಲಲ್ಲೇ ನಿಲ್ಲಿಸಿದರೆ ಒತ್ತು ಬೀಳುತ್ತದೆ. ಓದಿದವರಿಗೆ "ಆಗಲೇ ಕಳಿಸಿದ್ದೀನಲ್ಲಾ!" ಅಂತ ಕೇಳಿಸುತ್ತದೆ. ಆ ಉದ್ದನೆಯ "ಲ್ಲಾ" ನೀವು ಬರೆದಿಲ್ಲ, ಜಾಗ ಬರೆದಿದೆ.

ಈ ನಾಲ್ಕೂ ಮಾತುಗಳ ಮಾಮೂಲಿ ಜಾಗ ಒಂದೇ, ವಾಕ್ಯದ ನಡುವೆ, ಕ್ರಿಯಾಪದದ ಹತ್ತಿರ. ಕ್ರಿಯಾಪದ ಒಂಟಿಯಾಗಿದ್ದರೆ ಅದರ ಮುಂಚೆ: "ಐ ಆಲ್ವೇಸ್ ಚೆಕ್ ದ ನಂಬರ್ಸ್." ಹ್ಯಾವ್, ವಿಲ್, ಕ್ಯಾನ್ ಥರದ ಸಹಾಯಕ ಕ್ರಿಯಾಪದ ಇದ್ದರೆ ಅದಾದ ಮೇಲೆ: "ಐ ಹ್ಯಾವ್ ಆಲ್ರೆಡಿ ಸೆಂಟ್ ಇಟ್." ಎರಡು ಮೂರು ಸಹಾಯಕಗಳು ಸಾಲಾಗಿ ನಿಂತಿದ್ದರೆ ಮೊದಲನೆಯದನ್ನು ದಾಟಿದ ಕೂಡಲೇ ಕೂರಿಸಿ: "ದ ಫೈಲ್ ಹ್ಯಾಸ್ ಆಲ್ರೆಡಿ ಬೀನ್ ಸೆಂಟ್." ಆಮ್, ಈಸ್, ಆರ್ ಒಂಟಿಯಾಗಿದ್ದರೆ ಮಾತ್ರ ಉಲ್ಟಾ, ಅವುಗಳ ನಂತರ: "ಹಿ ಈಸ್ ಆಲ್ವೇಸ್ ಅವೈಲಬಲ್." ಮೇಲ್ ಬರೆಯುವಾಗ ನಾನು ಮೊದಲು ಈ ಮಾತನ್ನು ಬಿಟ್ಟು ವಾಕ್ಯ ಪೂರ್ತಿ ಮಾಡುತ್ತೇನೆ. ಆಮೇಲೆ ಕ್ರಿಯಾಪದ ಹುಡುಕಿ, ಕರ್ಸರ್ ಇಟ್ಟು, ಸೇರಿಸುತ್ತೇನೆ. ಈಗಲೂ ಕೆಲವು ಸಲ ಹಾಗೇ ಮಾಡುತ್ತೇನೆ, ನಾಚಿಕೆಯೇನಿಲ್ಲ.

ನನ್ನ ಹಳೇ ಮೇಲ್ ಒಂದರ ನಾಲ್ಕು ಸಾಲು ತೋರಿಸುತ್ತೇನೆ. ಅನುಮೋದನೆ ಕೇಳಿ ಬರೆದದ್ದು:

"ಆಲ್ರೆಡಿ ಐ ಹ್ಯಾವ್ ಸೆಂಟ್ ದ ರಿಪೋರ್ಟ್ ಆನ್ ಮಂಡೇ. ಐ ಚೆಕ್ ಆಲ್ವೇಸ್ ದ ನಂಬರ್ಸ್ ಬಿಫೋರ್ ಸೆಂಡಿಂಗ್. ಯು ಹ್ಯಾವ್ ಜಸ್ಟ್ ಟು ಅಪ್ರೂವ್ ಇಟ್. ನೆವರ್ ಐ ಗಾಟ್ ಎನಿ ರಿಪ್ಲೈ."

ಮೊದಲ ಸಾಲಿನಲ್ಲಿ "ಆಲ್ರೆಡಿ"ಯನ್ನು "ಹ್ಯಾವ್" ಆದಮೇಲೆ ತಂದರೂ ಸರಿಹೋಗುವುದಿಲ್ಲ. "ಆನ್ ಮಂಡೇ" ಅಂತ ದಿನ ಹೇಳಿಬಿಟ್ಟರೆ "ಹ್ಯಾವ್ ಸೆಂಟ್" ಅದರ ಜೊತೆ ನಿಲ್ಲುವುದಿಲ್ಲ. "ಐ ಸೆಂಟ್ ದ ರಿಪೋರ್ಟ್ ಆನ್ ಮಂಡೇ" ಅಂತ ಬರೆದರೆ ಸಾಕು. ದಿನ ಹೇಳಿದ ಮೇಲೆ ಆಗಲೇ ಕಳಿಸಿದ್ದು ಅಂತ ಬೇರೆ ಹೇಳಬೇಕೇ? ಆಲ್ರೆಡಿ ಹೋದರೆ ಮುನಿಸೂ ಹೋಗುತ್ತದೆ.

ಎರಡನೇ ಸಾಲಿನ ತಪ್ಪು ಬೇರೆ. ಕನ್ನಡದಲ್ಲಿ "ನಂಬರ್ ಯಾವಾಗಲೂ ಚೆಕ್ ಮಾಡುತ್ತೇನೆ", "ಯಾವಾಗಲೂ ನಂಬರ್ ಚೆಕ್ ಮಾಡುತ್ತೇನೆ", ಎರಡೂ ನಡೆಯುತ್ತದೆ. ಇಂಗ್ಲಿಷಿನಲ್ಲಿ "ಚೆಕ್"ಗೂ "ನಂಬರ್ಸ್"ಗೂ ನಡುವೆ ಯಾರೂ ತೂರಬಾರದು. ಕ್ರಿಯಾಪದ ಮತ್ತು ಅದರ ಕರ್ಮ ಅಂಟಿಕೊಂಡೇ ಇರಬೇಕು. "ಐ ಸೆಂಟ್ ಆಲ್ರೆಡಿ ದ ಫೈಲ್" ತಪ್ಪಾಗುವುದೂ ಇದಕ್ಕೇ. "ಐ ಹ್ಯಾವ್ ಸೆಂಟ್ ದ ಫೈಲ್ ಆಲ್ರೆಡಿ" ಅಂತ ಕೊನೆಗೆ ಇಟ್ಟರೆ ಪರವಾಗಿಲ್ಲ, ಆಲ್ರೆಡಿಗೆ ಆ ಸಲಿಗೆ ಇದೆ. ನೆವರ್‌ಗೆ ಇಲ್ಲ.

ಮೂರನೆಯದು ಮೋಸದ ಸಾಲು. ನಾನು ನಿಯಮ ಪಾಲಿಸಿದ್ದೆ! ಹ್ಯಾವ್ ಆದಮೇಲೆ ಜಸ್ಟ್. ಆದರೆ "ಹ್ಯಾವ್ ಟು" ಅಂದಾಗ ಆ ಹ್ಯಾವ್ ಸಹಾಯಕ ಅಲ್ಲ, ಅದೇ ಮುಖ್ಯ ಕ್ರಿಯಾಪದ. ಹಾಗಾಗಿ "ಯು ಜಸ್ಟ್ ಹ್ಯಾವ್ ಟು ಅಪ್ರೂವ್ ಇಟ್", "ಐ ಆಲ್ವೇಸ್ ಹ್ಯಾವ್ ಟು ಆಸ್ಕ್." ಗುರುತಿಸುವುದು ಸುಲಭ. ಪ್ರಶ್ನೆ ಮಾಡಿ ನೋಡಿ. "ಡು ಯು ಹ್ಯಾವ್ ಟು" ಅಂತ "ಡು" ಬೇಕಾದರೆ ಆ ಹ್ಯಾವ್ ಸಹಾಯಕ ಅಲ್ಲ. ಅಂದ ಹಾಗೆ, ಮೇಲಿನವರಿಗೆ "ಯು ಜಸ್ಟ್ ಹ್ಯಾವ್ ಟು" ಅನ್ನುವುದು ನನಗೆ ಇಷ್ಟವಿಲ್ಲ, ಕೆಲಸ ಹಚ್ಚಿದ ಹಾಗೆ. "ಇಟ್ ಜಸ್ಟ್ ನೀಡ್ಸ್ ಯುವರ್ ಅಪ್ರೂವಲ್" ಅಂತ ಬರೆಯುತ್ತೇನೆ.

ನಾಲ್ಕನೇ ಸಾಲು ಪೂರ್ತಿ ಹಾಳು. ನೆವರ್ ಮೊದಲು ಬಂದರೆ ಅದರ ಹಿಂದೆ ವಾಕ್ಯ ತಿರುವಿಕೊಳ್ಳಬೇಕು, "ನೆವರ್ ಹ್ಯಾವ್ ಐ" ಅಂತ. ಅದು ಭಾಷಣದ ಶೈಲಿ, ಆಫೀಸ್ ಮೇಲ್‌ನಲ್ಲಿ ನಾಟಕ. ನಾನು ಬರೆದದ್ದು ಅದೂ ಅಲ್ಲ, ಇದೂ ಅಲ್ಲ. "ಐ ನೆವರ್ ಗಾಟ್ ಎ ರಿಪ್ಲೈ" ಅಂದರೆ ವ್ಯಾಕರಣ ಸರಿ. ಆದರೂ ಎದುರಿನವರ ಮೇಲೆ ಬೆರಳು ತೋರಿಸಿದ ಹಾಗಾಗುತ್ತದೆ. "ಐ ಹ್ಯಾವ್ ನಾಟ್ ಗಾಟ್ ಎ ರಿಪ್ಲೈ ಯೆಟ್" ಅಂತ ಬರೆದಿದ್ದರೆ ಉತ್ತರ ಇನ್ನೂ ಬರಬಹುದು ಅನ್ನುವ ದಾರಿ ತೆರೆದಿರುತ್ತಿತ್ತು. ಲಿಂಕ್, ಫೈಲ್, ಪಾಸ್‌ವರ್ಡ್ ಬರಲಿಲ್ಲ ಅನ್ನುವುದಕ್ಕೆ ನೆವರ್ ಧಾರಾಳವಾಗಿ ಬಳಸಿ. "ಯು ನೆವರ್" ಅಂತ ಶುರುವಾಗುವ ಸಾಲನ್ನು ಮಾತ್ರ ಕಳಿಸುವ ಮುಂಚೆ ಇನ್ನೊಂದು ಸಲ ಓದಿ.

ನೆವರ್‌ದೇ ಇನ್ನೊಂದು ತೊಂದರೆ. ನಮ್ಮ "ಯಾವತ್ತೂ" ಒಂಟಿಯಾಗಿ ಇಲ್ಲ ಅನ್ನುವುದಿಲ್ಲ, ಕೊನೆಗೆ "ಇಲ್ಲ" ಬರಲೇಬೇಕು. ಅದೇ ಅಭ್ಯಾಸದಲ್ಲಿ "ಐ ಡಿಡ್ ನಾಟ್ ನೆವರ್ ಗೆಟ್ ದ ಲಿಂಕ್" ಅಂತ ಬರೆಯುತ್ತೇವೆ. ನೆವರ್ ಹೊಟ್ಟೆಯಲ್ಲೇ "ಇಲ್ಲ" ಇದೆ. ಇನ್ನೊಂದು ನಾಟ್ ಬೇಡ.

ಇಲ್ಲಿಯವರೆಗೆ ಹೇಳಿದ ತಪ್ಪುಗಳಲ್ಲಿ ಓದುವವರಿಗೆ ವಿಷಯವಾದರೂ ಅರ್ಥವಾಗುತ್ತದೆ. ಅರ್ಥವೇ ಬದಲಾಗುವ ಜಾಗ ಒಂದಿದೆ, ನಾನು ಅಲ್ಲೇ ಬಿದ್ದದ್ದು. ಆಲ್ವೇಸ್ ಮತ್ತು ನಾಟ್ ಜೊತೆಗೆ ಬಂದಾಗ.

ನಾವು ನೋಡಿಕೊಳ್ಳುತ್ತಿದ್ದ ಸಿಸ್ಟಮ್ ತೊಂದರೆಯಾದಾಗ ಅಲರ್ಟ್ ಕಳಿಸಬೇಕು. ಹತ್ತರಲ್ಲಿ ಒಂದೋ ಎರಡೋ ತಪ್ಪಿಹೋಗುತ್ತಿತ್ತು. ನಾನು "ದ ಅಲರ್ಟ್ ಆಲ್ವೇಸ್ ಡಸ್ ನಾಟ್ ಕಮ್" ಅಂತ ಮೇಲ್ ಹಾಕಿದೆ. ಮನಸ್ಸಿನಲ್ಲಿದ್ದದ್ದು "ಅಲರ್ಟ್ ಯಾವಾಗಲೂ ಬರಲ್ಲ", ಅಂದರೆ ಕೆಲವು ಸಲ ಕೈಕೊಡುತ್ತದೆ. ಇನ್ನೊಂದು ತಂಡದವರು ಓದಿದ್ದು "ಪ್ರತಿ ಸಲವೂ ಬರುವುದಿಲ್ಲ", ಅಂದರೆ ಒಂದು ಸಲವೂ ಬಂದಿಲ್ಲ. ಅಲರ್ಟ್ ಕಳಿಸುವ ಭಾಗವೇ ಸತ್ತಿದೆ ಅಂದುಕೊಂಡು ಅದನ್ನು ಬಿಚ್ಚಿ ಜೋಡಿಸುತ್ತಾ ಒಂದಿಡೀ ದಿನ ಕೂತರು. ಸಂಜೆ ಅವರ ಕಣ್ಣೆದುರೇ ಒಂದು ಅಲರ್ಟ್ ಟಣ್ ಅಂತ ಬಂತು. ಆಗ ನನಗೆ ಫೋನ್ ಬಂತು.

ಕನ್ನಡದ "ಯಾವಾಗಲೂ ಬರಲ್ಲ"ಕ್ಕೆ ಎರಡೂ ಅರ್ಥ ಇದೆ, ಅಲ್ವಾ? ಎದುರಿಗೆ ಹೇಳುವಾಗ ದನಿಯಲ್ಲಿ ಬೇರೆ ಮಾಡುತ್ತೇವೆ. ಇಂಗ್ಲಿಷ್ ಅದನ್ನು ಜಾಗದಲ್ಲಿ ಬೇರೆ ಮಾಡುತ್ತದೆ. ಯಾವುದು ಮೊದಲು ಬರುತ್ತದೋ ಅದು ಆಮೇಲೆ ಬರುವುದನ್ನು ಆಳುತ್ತದೆ. ನಾಟ್ ಮೊದಲು ಬಂದರೆ, "ದ ಅಲರ್ಟ್ ಡಸ್ ನಾಟ್ ಆಲ್ವೇಸ್ ಕಮ್", ಆಲ್ವೇಸ್ ಅನ್ನುವುದನ್ನೇ ಅಲ್ಲಗಳೆದ ಹಾಗೆ. ಬರುತ್ತದೆ, ಆದರೆ ಪ್ರತಿ ಸಲ ಅಲ್ಲ. ಆಲ್ವೇಸ್ ಮೊದಲು ಬಂದರೆ ಬರದೇ ಇರುವುದೇ ಖಾಯಂ. ಆ ಎರಡನೇ ಅರ್ಥ ಬೇಕಾದಾಗ ಯಾರೂ ಸಾಮಾನ್ಯವಾಗಿ ಆಲ್ವೇಸ್ ನಾಟ್ ಅನ್ನುವುದಿಲ್ಲ, "ದ ಅಲರ್ಟ್ ನೆವರ್ ಕಮ್ಸ್" ಅನ್ನುತ್ತಾರೆ. ಹಾಗಾಗಿ ಮೇಲ್‌ನಲ್ಲಿ ಆಲ್ವೇಸ್ ಆದಮೇಲೆ ನಾಟ್ ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ಹೇಳಬೇಕಾದ್ದು "ಕೆಲವು ಸಲ"ವೋ "ಒಂದು ಸಲವೂ ಇಲ್ಲ"ವೋ? ಎಷ್ಟು ಸಲಕ್ಕೆ ಎಷ್ಟು ಅಂತ ಗೊತ್ತಿದ್ದರೆ ಅಂಕೆಯನ್ನೇ ಬರೆದುಬಿಡುತ್ತೇನೆ.

ಜಸ್ಟ್‌ಗೂ ನಾಟ್‌ಗೂ ಇದೇ ಕಥೆ. "ಐ ಡೋಂಟ್ ಜಸ್ಟ್ ನೀಡ್ ದ ಫೈಲ್" ಅಂದರೆ ಫೈಲ್ ಒಂದೇ ಸಾಲದು, ಇನ್ನೂ ಏನೋ ಬೇಕು. "ಐ ಜಸ್ಟ್ ಡೋಂಟ್ ಅಂಡರ್‌ಸ್ಟ್ಯಾಂಡ್" ಅಂದರೆ "ಏನು ಮಾಡಿದರೂ ಅರ್ಥವಾಗುತ್ತಿಲ್ಲ ಮಾರಾಯ" ಅಂತ ತಲೆ ಚಚ್ಚಿಕೊಂಡ ಹಾಗೆ. ಸುಮ್ನೆ ಒಂದು ಸಂದೇಹ ಕೇಳುವಾಗ ಅದು ಬೇಡ.

ಇವು ಮೊದಲಿಗೆ ಬಂದರೂ ಸರಿ ಅನ್ನುವ ಸಂದರ್ಭವೂ ಇದೆ. ಆಜ್ಞೆ ಕೊಡುವಾಗ "ಯು" ಇರುವುದೇ ಇಲ್ಲ, ಹಾಗಾಗಿ "ಆಲ್ವೇಸ್ ಕಾಪಿ ಮಿ", "ನೆವರ್ ಶೇರ್ ದ ಪಾಸ್‌ವರ್ಡ್" ಸರಿಯೇ. "ಜಸ್ಟ್ ಚೆಕಿಂಗ್" ಅಂತ ಶುರು ಮಾಡುವುದೂ ಸರಿ, ಅಲ್ಲಿ "ಐ ಆಮ್" ನುಂಗಿಕೊಂಡಿದ್ದಾರೆ. ಆದರೆ "ಜಸ್ಟ್ ಐ ಆಮ್ ಚೆಕಿಂಗ್" ಅಂತ ಅದನ್ನು ವಾಪಸ್ ತರಬೇಡಿ. ತರುವುದಾದರೆ "ಐ ಆಮ್ ಜಸ್ಟ್ ಚೆಕಿಂಗ್."

ಇನ್ನೊಂದು ಚಿಕ್ಕ ವಿಷಯ, ನಿಮಗೆ ನಾಳೆಯೇ ಬೇಕಾಗಬಹುದು. ಲೀಡ್ "ಹ್ಯಾವ್ ಯು ಸೆಂಟ್ ಇಟ್?" ಅಂತ ಕೇಳಿದರೆ "ಯೆಸ್, ಐ ಹ್ಯಾವ್ ಆಲ್ರೆಡಿ" ಅನ್ನುವ ಉತ್ತರ ಅಷ್ಟು ಸಹಜವಲ್ಲ. ಮುಖ್ಯ ಕ್ರಿಯಾಪದವನ್ನು ಬಿಟ್ಟುಬಿಟ್ಟ ತುಂಡು ಉತ್ತರದಲ್ಲಿ ಈ ಮಾತು ಸಾಮಾನ್ಯವಾಗಿ ಸಹಾಯಕಕ್ಕಿಂತ ಮುಂಚೆ ಹೋಗುತ್ತದೆ: "ಯೆಸ್, ಐ ಆಲ್ರೆಡಿ ಹ್ಯಾವ್." "ಆರ್ ಯು ಫ್ರೀ ಆನ್ ಫ್ರೈಡೇ?" ಅಂದರೂ ಅಷ್ಟೇ, "ಐ ಆಲ್ವೇಸ್ ಆಮ್." ಶುಕ್ರವಾರ ನಿಜವಾಗಲೂ ಬಿಡುವಿದ್ದರೆ ಮಾತ್ರ.