ಮಿಡಿ ಉಪ್ಪಿನಕಾಯಿ ಬಾಟಲಿಗೆ ಲೇಬಲ್: ಬಾರ್‌ಕೋಡ್‌ನಿಂದ ಶುರು ಮಾಡಿ

ಪ್ರಶ್ನೆ: ಮನೆಯಲ್ಲಿ ಮಾಡಿದ ಮಿಡಿ ಉಪ್ಪಿನಕಾಯಿಯನ್ನು 250 ಗ್ರಾಂ ಬಾಟಲಿಯಲ್ಲಿ ಅಂಗಡಿಗಳಿಗೆ ಕೊಡಬೇಕು ಅಂತಿದ್ದೇನೆ. ಲೇಬಲ್ ಮೇಲೆ ಏನೇನಿರಬೇಕು? ಬಾರ್‌ಕೋಡ್‌ಗೆ ಎಷ್ಟು ಜಾಗ ಬಿಡಬೇಕು?

ಮೊದಲು ಬಾರ್‌ಕೋಡ್‌ಗೆ ಜಾಗ ಗುರುತು ಮಾಡಿಕೊಳ್ಳಿ, ಚಿತ್ರ, ಬಣ್ಣ ಎಲ್ಲ ಆಮೇಲೆ. ಬೇರೆ ಅಕ್ಷರಗಳನ್ನು ಆಚೀಚೆ ಸರಿಸಬಹುದು, ಬಾರ್‌ಕೋಡನ್ನು ಹಾಗೆ ಮಾಡೋಕೆ ಆಗಲ್ಲ. ಅಂಗಡಿಯಲ್ಲಿ ಓದುವ 13 ಅಂಕಿಯ ಕೋಡ್‌ನ ಪೂರ್ತಿ ಅಳತೆ ಸುಮಾರು 37 × 26 ಮಿ.ಮೀ. ಶೇ. 80ಕ್ಕೆ ಇಳಿಸಿದರೆ ಸುಮಾರು 30 × 21 ಮಿ.ಮೀ. ಅದಕ್ಕಿಂತ ಚಿಕ್ಕದು ಮಾಡಬೇಡಿ. ಗೆರೆಗಳ ಎಡಬಲದ ಖಾಲಿ ಬಿಳಿ ಜಾಗವೂ ಈ ಅಳತೆಗೆ ಸೇರಿದೆ. ಅಲ್ಲಿ ಬಾರ್ಡರ್ ಬಂದರೂ ಸ್ಕ್ಯಾನ್ ಆಗಲ್ಲ.

65 ಮಿ.ಮೀ. ವ್ಯಾಸದ ಬಾಟಲಿ ಅಂತಿಟ್ಟುಕೊಳ್ಳಿ. ಸುತ್ತಳತೆ ಸುಮಾರು 204 ಮಿ.ಮೀ. ಲೇಬಲ್ 190 × 60 ಇಟ್ಟರೆ ಹಿಂದೆ ಸ್ವಲ್ಪ ಗಾಜು ಉಳಿದು ಮಿಡಿ ಕಾಣುತ್ತದೆ. ಕೋಡನ್ನು ಅಡ್ಡ ತಿರುಗಿಸಿ, ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಬರಲಿ. ಆಗ ಬಾಟಲಿಯ ದುಂಡಿಗೆ ಕೋಡಿನ ಅಂಚು ಬಾಗಿ ಹೋಗುವುದಿಲ್ಲ.

ಬಣ್ಣದಲ್ಲಿ ನಾನು ಎಡವಿದ್ದೆ. ಮೆಣಸಿನ ಬಣ್ಣಕ್ಕೆ ಹೊಂದಲಿ ಅಂತ ಗೆರೆಗಳನ್ನೂ ಕೆಂಪು ಮಾಡಿಸಿದ್ದೆ. ಕಣ್ಣಿಗೆ ಚೆನ್ನಾಗೇ ಕಾಣುತ್ತಿತ್ತು. ಆದರೆ ಸ್ಕ್ಯಾನರ್‌ನ ಬೆಳಕೂ ಕೆಂಪು, ಅದಕ್ಕೆ ಆ ಗೆರೆಗಳು ಬಿಳಿ ಕಾಗದದ ಹಾಗೇ ಕಂಡವು. ಬಿಳಿ ಮೇಲೆ ಕಪ್ಪು, ಅಷ್ಟೇ. ಕಾಗದವೂ ಮುಖ್ಯ. ಎಣ್ಣೆ ಹೀರಿದ ಜಾಗದಲ್ಲಿ ಕಾಗದ ಕಪ್ಪಾಗಿ ಕೋಡ್ ಓದಲಾಗದ ಹಾಗಾಗುತ್ತದೆ. ಪ್ಲಾಸ್ಟಿಕ್ ಫಿಲ್ಮಿನ ಸ್ಟಿಕರ್ ಕೇಳಿ.

ಮುಂಭಾಗದಲ್ಲಿ ಹೆಸರು, ತೂಕ, ಹಸಿರು ಚೌಕದೊಳಗೆ ಹಸಿರು ಚುಕ್ಕಿ ಇರಲಿ. ಕನ್ನಡ ಎಷ್ಟು ಬೇಕಾದರೂ ಬರೆಯಿರಿ, ಆದರೆ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಪಕ್ಕದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ FSSAI ಚಿಹ್ನೆ, ಅವರು ಕೊಟ್ಟ 14 ಅಂಕಿಯ ನಂಬರ್, ತಯಾರಿಸಿದವರ ವಿಳಾಸ, ದೂರಿಗೆ ಫೋನ್ ಮತ್ತು ಇಮೇಲ್. ಬೆಲೆ ಎಲ್ಲ ತೆರಿಗೆ ಸೇರಿದ್ದು, ಜೊತೆಗೆ ಒಂದು ಗ್ರಾಂನ ಬೆಲೆ. ₹150 ಇದ್ದರೆ ಗ್ರಾಂಗೆ ₹0.60.

ಬ್ಯಾಚ್ ನಂಬರ್, ತಯಾರಾದ ದಿನ, ಯಾವ ದಿನಾಂಕದೊಳಗೆ ತಿನ್ನಬೇಕು, ಇವು ಪ್ರತಿ ಸಲ ಬದಲಾಗುತ್ತವೆ. ಅದಕ್ಕೆ ಖಾಲಿ ಬಿಳಿ ಪಟ್ಟಿ ಬಿಡಿ, ಅಲ್ಲಿ ಲ್ಯಾಮಿನೇಷನ್ ಬೇಡ. ನುಣುಪಿನ ಮೇಲೆ ಒತ್ತಿದ ಮುದ್ರೆ ಎಣ್ಣೆ ಕೈ ತಗುಲಿದರೆ ಅಳಿಸಿಹೋಗುತ್ತದೆ.

ಪದಾರ್ಥಗಳನ್ನು ತೂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯಿರಿ: ಮಾವಿನ ಮಿಡಿ, ಉಪ್ಪು, ಮೆಣಸಿನ ಪುಡಿ, ಸಾಸಿವೆ, ಎಳ್ಳೆಣ್ಣೆ, ಇಂಗು. ಸುಮ್ನೆ 'ಎಣ್ಣೆ' ಅಂದರೆ ಸಾಲದು, ಯಾವ ಎಣ್ಣೆ ಅಂತ ಹೇಳಬೇಕು. ಮುಖ್ಯವಾಗಿ ಇಂಗಿನ ಡಬ್ಬಿ ಹಿಂದೆ ತಿರುಗಿಸಿ ನೋಡಿ. ಅಂಗಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಹಾಗಿದ್ದರೆ 'ಗೋಧಿ ಇದೆ' ಅಂತ ಪ್ರತ್ಯೇಕ ಸಾಲು ಬೇಕು. ಗೋಧಿ ಒಗ್ಗದವರು ಮಿಡಿ ಉಪ್ಪಿನಕಾಯಿಯಲ್ಲಿ ಅದಿರುತ್ತೆ ಅಂತ ಊಹಿಸೋದೇ ಇಲ್ಲ, ಅಲ್ವಾ?

ಸಾವಿರ ಪ್ರಿಂಟ್ ಹಾಕಿಸುವ ಮೊದಲು ಅದೇ ಫಿಲ್ಮಿನಲ್ಲಿ ನಿಜ ಅಳತೆಯ ಎರಡು ಸ್ಟಿಕರ್ ಮಾಡಿಸಿ. ಬಾಟಲಿಗೆ ಅಂಟಿಸಿ, ಎಳ್ಳೆಣ್ಣೆ ಸವರಿ ಒಂದು ದಿನ ಬಿಟ್ಟು, ಹತ್ತಿರದ ಅಂಗಡಿಯ ಬಿಲ್ಲಿಂಗ್ ಸ್ಕ್ಯಾನರ್‌ಗೆ ಹಿಡಿದು ನೋಡಿ. ಮೊಬೈಲ್ ಕ್ಯಾಮೆರಾ ಓದಿತು ಅಂತ ನಂಬಬೇಡಿ, ನನ್ನ ಕೆಂಪು ಗೆರೆಗಳನ್ನೂ ಅದು ಓದಿತ್ತು.