ಬೀಳುವಾಗ ಕೈ ಹಿಂದೆ ಹೋಗುತ್ತಿದೆಯೇ?

ಮಗಳಿಗೆ ಹತ್ತು ವರ್ಷ. ಜೂಡೋ ಸೇರಿ ಮೂರು ವಾರವಾಯಿತು, ಬರೀ ಬೀಳೋದನ್ನೇ ಕಲಿಸ್ತಿದ್ದಾರೆ. ಹಿಂದಕ್ಕೆ ಬೀಳುವಾಗ ಇನ್ನೂ ಕೈ ಊರುತ್ತಾಳೆ. ಏನು ಮಾಡೋದು?

ಈ ‘ಬರೀ’ ಅನ್ನುವ ಪದ ತಿಂಗಳಿಗೆ ನಾಲ್ಕು ಪತ್ರಗಳಲ್ಲಿ ಬರುತ್ತದೆ. ನಿಮ್ಮ ಕೋಚ್ ಸರಿಯಾಗಿದ್ದಾರೆ, ಅವಸರ ನಿಮ್ಮದು.

ಹಿಂದೆ ಊರಿದ ಕೈಯ ಮೊಣಕೈ ಸೆಟೆದಿರುತ್ತದೆ, ಮೈಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಮಕ್ಕಳಲ್ಲಿ ಮುರಿಯುವುದು ಸಾಮಾನ್ಯವಾಗಿ ಮಣಿಕಟ್ಟಿನ ಹತ್ತಿರ, ಇಲ್ಲವೇ ಮೊಣಕೈಗೆ ಸ್ವಲ್ಪ ಮೇಲೆ. ‘ಕೈ ಊರಬೇಡ’ ಎಂದು ಕೂಗಿದರೆ ಈ ಅಭ್ಯಾಸ ಹೋಗುವುದಿಲ್ಲ, ಎತ್ತರ ಇಳಿಸಬೇಕು. ಮೊದಲು ಮ್ಯಾಟ್ ಮೇಲೆ ಅಂಗಾತ ಮಲಗಿಸಿ. ಗದ್ದ ಎದೆಗೆ, ಕಣ್ಣು ಬೆಲ್ಟಿನ ಗಂಟಿನ ಮೇಲೆ. ಎದೆಯ ಮೇಲಿಂದ ಎರಡೂ ಕೈಗಳು ಒಟ್ಟಿಗೆ ಮ್ಯಾಟಿಗೆ ಬಡಿಯಬೇಕು, ಅಂಗೈ ಕೆಳಮುಖವಾಗಿ, ಪಕ್ಕೆಯಿಂದ ಒಂದು ಗೇಣು ದೂರದಲ್ಲಿ. ಕೈ ಭುಜದ ಮಟ್ಟಕ್ಕೆ ಹೋದರೆ ಪೆಟ್ಟು ಭುಜಕ್ಕೇ.

ಆಮೇಲೆ ಕುಕ್ಕರಗಾಲು. ಹಿಮ್ಮಡಿಯ ಪಕ್ಕದಲ್ಲೇ ಕುಂಡೆ ಇಳಿಸಿ, ಬೆನ್ನು ಬಾಗಿಸಿ ಉರುಳಬೇಕು. ಇಲ್ಲಿ ನಾನು ಮಡಿಸಿದ ಬೆಲ್ಟೊಂದನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಳ್ಳಲು ಹೇಳುತ್ತೇನೆ, ಗದ್ದದಡಿ ಒಂದು ಕರ್ಚೀಫು. ಬೆಲ್ಟ್ ಬಿಟ್ಟರೆ ಕೈ ಹಿಂದೆ ಹೋಯಿತೆಂದೂ ಕರ್ಚೀಫು ಬಿದ್ದರೆ ತಲೆ ಹಿಂದೆ ವಾಲಿತೆಂದೂ ಅರ್ಥ. ಹತ್ತು ಸಲ ಎರಡೂ ನಿಂತರೆ ಬೆಲ್ಟ್ ತೆಗೆದು ಬಡಿತ ಸೇರಿಸಿ. ಕಿವಿಗೊಟ್ಟು ಕೇಳಿ: ಬೆನ್ನು ತಾಗುವ ಹೊತ್ತಿಗೇ ‘ಫಟ್’ ಎಂದು ಒಂದೇ ಸದ್ದು ಬರಬೇಕು. ಮೊದಲೊಂದು, ಆಮೇಲೊಂದು ಬಂದರೆ ಅವಳು ಇನ್ನೂ ಕೈ ಊರುತ್ತಿದ್ದಾಳೆ. ನಿಂತು ಬೀಳುವುದು ಆಮೇಲಿನ ಮಾತು.

ಇಷ್ಟು ಹಟ ಏಕೆಂದರೆ, ಜಪಾನಿನ ಶಾಲೆಗಳಲ್ಲಿ ಜೂಡೋ ಕಲಿಯುವಾಗ ತಲೆಗೆ ಪೆಟ್ಟಾಗಿ ಸತ್ತ ಮಕ್ಕಳಲ್ಲಿ ಹೊಸಬರೇ ಹೆಚ್ಚು. ಅಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಪಟ್ಟು ಓಸೋತೋಗಾರಿ, ಕಾಲು ಕೊಯ್ದು ನೇರ ಹಿಂದಕ್ಕೆ ಕೆಡವುವುದು. ತಲೆ ಮ್ಯಾಟಿಗೆ ತಾಗದೆ ಬರೀ ಝಾಡಿಸಿದರೂ ಮಿದುಳಿನ ರಕ್ತನಾಳ ಹರಿಯಬಹುದು. ಗದ್ದ ನಿಲ್ಲದ ಮಗುವಿನ ಮೇಲೆ ಆ ಪಟ್ಟು ಹಾಕಲು ನಾನು ಯಾರಿಗೂ ಬಿಡುವುದಿಲ್ಲ. ಬಿದ್ದ ಮೇಲೆ ತಲೆನೋವು ಎಂದರೆ ಆ ದಿನ ಮ್ಯಾಟಿನಿಂದ ಹೊರಗೆ, ನೇರ ಡಾಕ್ಟರ ಹತ್ತಿರ.

ಮನೆಯ ಹಾಸಿಗೆ ಮೇಲೆ ಅಭ್ಯಾಸ ಮಾಡಿಸಬಹುದೇ?

ಬೇಡ. ಮೆತ್ತೆ ಹೂತುಕೊಳ್ಳುತ್ತದೆ, ಕತ್ತು ಮಡಚುತ್ತದೆ, ಮಂಚಕ್ಕೆ ಅಂಚೂ ಇದೆ.

ಮುಂದಕ್ಕೆ ಉರುಳುವಾಗ ನಡುನೆತ್ತಿ ಊರಬೇಕಲ್ಲವೇ?

ಯಾರು ಹೇಳಿದ್ದು? ಜೂಡೋದಲ್ಲಿ ಬಲಭುಜದಿಂದ ಎಡಸೊಂಟಕ್ಕೆ ಓರೆಯಾಗಿ ಉರುಳಬೇಕು. ನೆತ್ತಿ ತಾಗಲೇಬಾರದು.

ಕುಡಿದವರಂತೆ ಮೈ ಸಡಿಲ ಬಿಟ್ಟರೆ ಪೆಟ್ಟಾಗುವುದಿಲ್ಲವಂತೆ?

ಸಡಿಲ ಬಿಟ್ಟ ಕತ್ತೇ ತಲೆಯನ್ನು ನೆಲಕ್ಕೆ ಬಡಿಯುವುದು.

ಮಣಿಕಟ್ಟು ಊದಿದೆ, ನಮ್ಮೂರಲ್ಲಿ ಎಣ್ಣೆ ಹಾಕಿ ನೀವುವವರಿದ್ದಾರೆ.

ಅವರಿಗೆ ಎಕ್ಸ್‌ರೇ ಕಣ್ಣಿದೆಯೇ? ನೀವಿಸಿಕೊಂಡು, ಜರುಗಿದ ಮೂಳೆಯೊಂದಿಗೆ ಹತ್ತು ದಿನದ ಮೇಲೆ ಬಂದ ಹುಡುಗನನ್ನು ನೋಡಿದ್ದೇನೆ. ಇವತ್ತೇ ಎಕ್ಸ್‌ರೇ ತೆಗೆಸಿ.