ಸುಟ್ಟ ಸ್ಟಾಕಿನ ಲೆಕ್ಕ ಹಿಡಿಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಸೀರೆ, ಸಿದ್ಧ ಉಡುಪಿನ ಅಂಗಡಿ. 2025ರ ಆಗಸ್ಟ್ 18ರ ರಾತ್ರಿ ಬೆಂಕಿ ಬಿದ್ದು ಬಹುಪಾಲು ಮಾಲು ಸುಟ್ಟುಹೋಯಿತು. ಸ್ಟಾಕ್ ರಿಜಿಸ್ಟರ್ ಇಟ್ಟಿರಲಿಲ್ಲ. ಟ್ಯಾಲಿ ಬ್ಯಾಕಪ್ ಆಡಿಟರ್ ಹತ್ತಿರ ಇದೆ. ವಿಮೆ ಇರುವುದು 18,40,000 ರೂಪಾಯಿಗೆ. ಎಷ್ಟು ಮಾಲು ಹೋಯಿತು ಅಂತ ಹೇಗೆ ತೋರಿಸೋದು? ಎಷ್ಟು ಕ್ಲೇಮ್ ಮಾಡಬಹುದು? ಎರಡು ವರ್ಷದ ಲೆಕ್ಕ ಜೊತೆಗಿಟ್ಟಿದ್ದೇನೆ.

ಉತ್ತರ: ರಿಜಿಸ್ಟರ್ ಇಲ್ಲದಿದ್ದರೂ ದಾರಿ ಇದೆ. ವರ್ಷದ ಆರಂಭದಲ್ಲಿದ್ದ ಮಾಲಿಗೆ ಆಮೇಲೆ ಕೊಂಡದ್ದನ್ನು ಕೂಡಿಸಿ, ಮಾರಿಹೋದ ಮಾಲಿನ ಅಸಲನ್ನು ಕಳೆದರೆ ಬೆಂಕಿಯ ದಿನ ಅಂಗಡಿಯಲ್ಲಿದ್ದ ಮಾಲು ಸಿಗುತ್ತದೆ. ಮಾರಿದ ಮಾಲಿನ ಅಸಲು ಬಿಲ್ಲಿನಲ್ಲಿ ಕಾಣುವುದಿಲ್ಲ. ಅದನ್ನು ಹಿಂದಿನ ವರ್ಷದ ಒಟ್ಟು ಲಾಭದ ದರದಿಂದ ಹಿಡಿಯಬೇಕು. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮೊದಲು ಕೆದಕುವುದೂ ಈ ದರವನ್ನೇ.

2024-25ರಲ್ಲಿ ನಿಮ್ಮ ಆರಂಭಿಕ ದಾಸ್ತಾನು 18,00,000, ಖರೀದಿ 77,60,000, ಮಾರಾಟ 1,00,00,000, ಕೊನೆಯ ದಾಸ್ತಾನು 20,00,000. ಪುಸ್ತಕದ ಪ್ರಕಾರ ಲಾಭ 24,40,000, ಅಂದರೆ ಶೇ 24.4. ಆದರೆ ಆ ಕೊನೆಯ ದಾಸ್ತಾನಿನಲ್ಲಿ ಹಳೇ ಡಿಸೈನಿನ ಸೀರೆಗಳಿವೆ. ಅವುಗಳ ಅಸಲು 1,60,000. ಪುಸ್ತಕದಲ್ಲಿ 1,00,000ಕ್ಕೆ ಇಳಿಸಿ ಬರೆದಿದ್ದೀರಿ. ಈ 60,000 ವ್ಯಾಪಾರದ ಮಾಮೂಲಿ ಲಾಭವನ್ನು ತಿಂದಿದೆ. ಅದನ್ನು ಮರಳಿ ಸೇರಿಸಿದರೆ ಲಾಭ 25,00,000, ದರ ಶೇ 25. ಇದೇ ನಿಮ್ಮ ನಿಜವಾದ ದರ.

ಇಲ್ಲಿ ಬಹಳಷ್ಟು ಜನ ಎಡವುತ್ತಾರೆ. 'ಅಸಲಿನ ಮೇಲೆ ಮೂರನೇ ಒಂದು ಭಾಗ ಇಟ್ಟು ಮಾರುತ್ತೇವೆ' ಎಂದು ಹೇಳಿ ಮಾರಾಟದ ಶೇ 33ನ್ನು ಲಾಭವೆಂದು ಕಳೆಯುತ್ತಾರೆ. 75ಕ್ಕೆ ಕೊಂಡು 100ಕ್ಕೆ ಮಾರಿದರೆ ಅಸಲಿನ ಮೇಲೆ ಲಾಭ ಶೇ 33.33, ಮಾರಾಟದ ಮೇಲೆ ಶೇ 25. ಮಾರಾಟದಿಂದ ಕಳೆಯುವಾಗ ಬೇಕಾದದ್ದು ಎರಡನೆಯದು.

ಈಗ 2025ರ ಏಪ್ರಿಲ್ 1ರಿಂದ ಬೆಂಕಿಯ ದಿನದವರೆಗಿನ ಲೆಕ್ಕ. ಹಳೇ ಸೀರೆಗಳನ್ನು ಬೇರೆ ಇಡಿ. ಅವು ಶೇ 25ರ ಲಾಭಕ್ಕೆ ಮಾರಾಟವಾಗುವ ಮಾಲಲ್ಲ. ಅಸಲಿನ ಲೆಕ್ಕದಲ್ಲಿ ಒಟ್ಟು ಆರಂಭಿಕ ದಾಸ್ತಾನು 20,60,000. ಅದರಲ್ಲಿ 1,60,000 ಕಳೆದರೆ ಮಾಮೂಲಿ ಮಾಲು 19,00,000.

ಖರೀದಿ 36,40,000 ಎಂದು ಬರೆದಿದ್ದೀರಿ. ಇದರಲ್ಲಿ 1,20,000ದ ಬಿಲ್ ಬಂದಿದೆ, ಮಾಲು ಮಾತ್ರ ಬೆಂಕಿಯ ದಿನ ಲಾರಿ ಆಫೀಸಿನಲ್ಲೇ ಇತ್ತು. ಅದು ಸುಟ್ಟಿಲ್ಲ, ಹಾಗಾಗಿ ಕಳೆಯಿರಿ. ಮಗಳ ಮದುವೆಗೆಂದು ಮನೆಗೆ ಒಯ್ದ 20,000 ಅಸಲಿನ ಸೀರೆಗಳನ್ನೂ ಕಳೆಯಿರಿ. ಉಳಿಯುವುದು 35,00,000. ಮಾರಾಟ ಜಿಎಸ್‌ಟಿ ಬಿಟ್ಟು 42,45,000. ಅದರಲ್ಲಿ 45,000 ಹಳೇ ಸೀರೆಯ ಮಾರಾಟ. ಮಾಮೂಲಿ ಮಾಲಿನ ಮಾರಾಟ 42,00,000. ಅದರ ಶೇ 25, ಅಂದರೆ 10,50,000 ಲಾಭ, ಅಸಲು 31,50,000.

```
19,00,000 + 35,00,000 − 31,50,000 = 22,50,000
ಉಳಿದ ಹಳೇ ಸೀರೆ (ಮಾರಿದರೆ ಬರುವ ಬೆಲೆ)  =    50,000
ಬೆಂಕಿಯ ದಿನದ ಸ್ಟಾಕ್               = 23,00,000
```

ಈ ತಿದ್ದುಪಡಿಗಳನ್ನು ಮಾಡದೆ ಪುಸ್ತಕದ ಅಂಕಿಗಳನ್ನೇ ಹಿಡಿದು, ಶೇ 24.4ರ ದರ ಹಾಕಿದ್ದರೆ ಸ್ಟಾಕ್ 24,30,780 ಬರುತ್ತಿತ್ತು. ಹೆಚ್ಚಾದ 1.3 ಲಕ್ಷದ ಬಹುಪಾಲು ಲಾರಿ ಆಫೀಸಿನಲ್ಲಿದ್ದ ಮಾಲಿನದೇ. ಆಗಸ್ಟ್ 18ರ ನಂತರದ ಲಾರಿ ರಸೀದಿ ಕೈಗೆ ಸಿಕ್ಕ ಕೂಡಲೇ ಸರ್ವೇಯರ್ ನಿಮ್ಮ ಉಳಿದ ಅಂಕಿಗಳನ್ನೂ ಅನುಮಾನದಿಂದ ನೋಡಲು ಶುರುಮಾಡುತ್ತಾರೆ.

ನಿಮ್ಮ ಲೆಕ್ಕದಲ್ಲಿ ನನಗೆ ಚಿಂತೆ ಹಚ್ಚುವುದು ಆಷಾಢದ ರಿಯಾಯಿತಿ. 100ರ ಸೀರೆಯನ್ನು ಶೇ 10 ಬಿಟ್ಟು 90ಕ್ಕೆ ಕೊಟ್ಟರೂ ಅಸಲು 75 ಆಗಿಯೇ ಇರುತ್ತದೆ, ಲಾಭ ಮಾರಾಟದ ಶೇ 16.67ಕ್ಕೆ ಇಳಿಯುತ್ತದೆ. ಶೇ 25 ಎಂಬುದು ಇಡೀ ವರ್ಷದ ಸರಾಸರಿ; ರಿಯಾಯಿತಿಯ ಪೆಟ್ಟು ಅದರಲ್ಲಿ ಹನ್ನೆರಡು ತಿಂಗಳಿಗೆ ಹಂಚಿಹೋಗಿದೆ. ಬೆಂಕಿ ಬಿದ್ದ ಐದು ತಿಂಗಳೊಳಗಿನ ಅವಧಿಯಲ್ಲಿ ಅದು ಪೂರ್ತಿ ಕೂತಿದೆ. ಆದ್ದರಿಂದ ಆಷಾಢದ ಬಿಲ್ಲುಗಳನ್ನು ಬೇರೆ ಮಾಡಿ ರಿಯಾಯಿತಿಯ ಮೊತ್ತವನ್ನು ತೋರಿಸಿ. ಅದು ದೊಡ್ಡದಿದ್ದರೆ ಆ ಮಾರಾಟಕ್ಕೆ ಬೇರೆ ದರ ಹಾಕಿ, ಉಳಿದದ್ದಕ್ಕೆ ರಿಯಾಯಿತಿ ಇಲ್ಲದ ತಿಂಗಳುಗಳ ದರ ಹಾಕಬೇಕು. ಒಂದು ಕಡೆ ಮಾತ್ರ ತಿದ್ದಿದರೆ ಲೆಕ್ಕ ವಾಲುತ್ತದೆ. ನೀವು ಬಿಲ್ಲುಗಳನ್ನು ಕಳಿಸಿಲ್ಲ, ಹಾಗಾಗಿ ಮೇಲಿನ ಅಂಕಿಗಳಲ್ಲಿ ಇದನ್ನು ಸೇರಿಸಿಲ್ಲ.

ಇನ್ನು ಕ್ಲೇಮಿನ ಮೊತ್ತ. ಸುಡದೆ ಉಳಿದ ಮಾಲು 2,60,000, ಹೊಗೆ ನೀರು ತಾಗಿದ ಬಟ್ಟೆಯಿಂದ ಬರಬಹುದಾದದ್ದು 40,000. ಈ 3,00,000 ಕಳೆದರೆ ನಷ್ಟ 20,00,000. ಆದರೆ ವಿಮೆ ಇರುವುದು 23 ಲಕ್ಷದ ಮಾಲಿಗೆ 18.4 ಲಕ್ಷ, ಅಂದರೆ ಶೇ 80. ಸರಾಸರಿ ಷರತ್ತಿನ ಪ್ರಕಾರ ಕಂಪನಿ ನಷ್ಟದ ಅಷ್ಟೇ ಪಾಲನ್ನು ಕೊಡುತ್ತದೆ:

```
20,00,000 × 18,40,000 ÷ 23,00,000 = 16,00,000
```

ಈ 16,00,000ದಲ್ಲಿ, ನೀವೇ ಹೊರಬೇಕೆಂದು ಪಾಲಿಸಿಯಲ್ಲಿ ಬರೆದಿರುವ ಎಕ್ಸೆಸ್ ಮೊತ್ತ ಕಡಿತವಾಗುತ್ತದೆ. 'ನಷ್ಟ 20 ಲಕ್ಷ, ವಿಮೆ 18.4 ಲಕ್ಷ, ಅಷ್ಟೂ ಕೊಡಬೇಕಲ್ಲ' ಎಂದು ನಿಮಗೆ ಅನಿಸುವುದು ಸಹಜ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದರೆ ಉಳಿದ ಪಾಲಿಗೆ ನೀವೇ ವಿಮೆದಾರರು ಎಂಬುದು ಷರತ್ತಿನ ತರ್ಕ. ನಿಮ್ಮದು 2021ರ ಏಪ್ರಿಲ್‌ನಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯೇ ಎಂದು ನೋಡಿ. ಅದರಲ್ಲಿ ಶೇ 15ರವರೆಗಿನ ಕೊರತೆಗೆ ಈ ಕಡಿತ ಇಲ್ಲ. ನಿಮ್ಮ ಕೊರತೆ ಶೇ 20 ಆದ್ದರಿಂದ ಆ ವಿನಾಯಿತಿ ದಾಟಿಹೋಗಿದೆ. ವಿಮೆ 19,55,000 ಇದ್ದಿದ್ದರೆ ಸರಾಸರಿ ಕಡಿತ ಬೀಳುತ್ತಿರಲಿಲ್ಲ. ವಿಮಾ ಮೊತ್ತದವರೆಗೆ ಕೇಳಬಹುದಿತ್ತು.

ಜಿಎಸ್‌ಟಿ ಮರೆಯಬೇಡಿ. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ನಾಶವಾದ ಮಾಲಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ವಾಪಸ್ ಕಟ್ಟಬೇಕು. ಆ ಹಣವೂ ನಿಮ್ಮ ಕೈಯಿಂದ ಹೋದ ನಷ್ಟವೇ. ವಿಮಾ ಮೊತ್ತ ಜಿಎಸ್‌ಟಿ ಸೇರಿಸಿ ನಿಗದಿಯಾಗಿದೆಯೇ ಎಂದು ಪಾಲಿಸಿಯಲ್ಲಿ ನೋಡಿ, ಕ್ರೆಡಿಟ್ ವಾಪಸ್ ಮಾಡಿದ ದಾಖಲೆಯೊಡನೆ ಅದನ್ನು ಪ್ರತ್ಯೇಕ ಸಾಲಿನಲ್ಲಿ ಕೇಳಿ. ಮೇಲಿನ ದಾಸ್ತಾನಿನ ಅಂಕಿಯಲ್ಲಿ ಬೆರೆಸಬೇಡಿ.

ಸರ್ವೇಯರ್ ನೋಡಿ ಬರೆದುಕೊಳ್ಳುವವರೆಗೆ ಬೂದಿ, ಅರೆಬೆಂದ ಗಂಟು ಯಾವುದನ್ನೂ ಸಾಗಿಸಬೇಡಿ, ಫೋಟೊ ತೆಗೆದಿಡಿ. ಅಗ್ನಿಶಾಮಕ ದಳದ ವರದಿ ಮತ್ತು ಪೊಲೀಸ್ ದೂರಿನ ಪ್ರತಿ, ಎರಡು ವರ್ಷದ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್, ಖರೀದಿ ಬಿಲ್ಲುಗಳ ಜೊತೆ ಈ ಅಂದಾಜು ವ್ಯಾಪಾರ ಖಾತೆಯನ್ನು ಲಗತ್ತಿಸಿ. ಕೆಲವು ಪಾಲಿಸಿಗಳಲ್ಲಿ ವಿವರವಾದ ಕ್ಲೇಮಿಗೆ ಬೆಂಕಿಯಾದ 15 ದಿನದ ಗಡುವಿದೆ. ಲೆಕ್ಕ ಮುಗಿಯದಿದ್ದರೆ ಲಿಖಿತವಾಗಿ ಕಾಲಾವಕಾಶ ಕೇಳಿ.

ಕೊನೆಗೆ ಒಂದು ಮಾತು ಕೇಳಬೇಕು. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಇದೆಯೇ? ಇದ್ದರೆ ಜುಲೈ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಎಷ್ಟು ಬರೆದುಕೊಟ್ಟಿದ್ದೀರಿ ಎಂದು ಮೊದಲು ತೆಗೆದು ನೋಡಿ. ಲಿಮಿಟ್ ಉಳಿಸಿಕೊಳ್ಳಲು 30 ಲಕ್ಷ ಎಂದು ಬರೆದಿದ್ದರೆ ಸರ್ವೇಯರ್ ಅದನ್ನೇ ಹಿಡಿದು ಸ್ಟಾಕನ್ನು 30 ಲಕ್ಷ ಎಂದರೆ ಸರಾಸರಿ ಷರತ್ತಿನ ಭಾಗಾಕಾರದ ಕೆಳಗಿನ ಅಂಕಿ ಏರಿ ನಿಮ್ಮ ಪಾಲು ಇಳಿಯುತ್ತದೆ. ಎರಡೂ ಅಂಕಿಗಳ ವ್ಯತ್ಯಾಸಕ್ಕೆ ಲಿಖಿತ ವಿವರಣೆಯನ್ನು ಅವರು ಕೇಳುವ ಮುಂಚೆಯೇ ಆಡಿಟರ್ ಜೊತೆ ಕೂತು ತಯಾರಿಸಿಕೊಳ್ಳಿ.